11ಕ್ಕೆ ಖಾಲಿ, 2ಕ್ಕೆ ಹೊಸ ಅತಿಥಿ: ಹೋಮ್‌ಸ್ಟೇ ಕೋಣೆ ಸಿದ್ಧಮಾಡುವ ಸಮಗ್ರ ಮಾರ್ಗದರ್ಶಿ

ಹೋಮ್‌ಸ್ಟೇ ಶುರುಮಾಡಿದವರು ನನ್ನ ಹತ್ತಿರ ಹೇಳಿಕೊಳ್ಳುವ ಕಷ್ಟ ಹೆಚ್ಚುಕಡಿಮೆ ಒಂದೇ. "ಬೆಳಗ್ಗೆಯಿಂದ ಉಜ್ಜಿದ್ದೀನಿ, ಆದ್ರೂ ಅತಿಥಿ ಕ್ಲೀನ್ ಇಲ್ಲ ಅಂತ ಬರೆದು ಹೋದರು." ಹೋಗಿ ನೋಡಿದರೆ ಕೋಣೆ ನಿಜಕ್ಕೂ ಚೆನ್ನಾಗಿರುತ್ತದೆ. ಆದರೆ ದಿಂಬಿನ ಮೇಲೆ ಒಂದು ಕೂದಲು, ಬಚ್ಚಲಿನಿಂದ ಸಣ್ಣ ವಾಸನೆ, ಎರಡನೆಯವರ ಸ್ನಾನಕ್ಕೆ ತಣ್ಣೀರು. ಇವು ಆಗುವುದು ಶ್ರಮ ಕಡಿಮೆಯಾಗಿ ಅಲ್ಲ, ಕೆಲಸದ ಕ್ರಮ ತಪ್ಪಿ. ಹಾಗಾಗಿ ಇಲ್ಲಿ ಒಂದೇ ವಿಷಯ ಹೇಳುತ್ತೇನೆ: ಒಬ್ಬರು ಖಾಲಿ ಮಾಡಿ ಇನ್ನೊಬ್ಬರು ಬರುವ ನಡುವಿನ 3 ಗಂಟೆಯಲ್ಲಿ ಏನನ್ನು, ಯಾವುದಾದ ಮೇಲೆ ಮಾಡಬೇಕು. ಲೆಕ್ಕಕ್ಕೆ ಇಬ್ಬರು ಮಲಗುವ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಬಾತ್‌ರೂಮ್, ಕೆಲಸಕ್ಕೆ ನೀವೊಬ್ಬರೇ ಅಂತ ಇಟ್ಟುಕೊಳ್ಳಿ.

## ಹಂತ 1: ಮೊದಲು ನೀವೇ ಒಂದು ರಾತ್ರಿ ಅತಿಥಿಯಾಗಿ

ಕೋಣೆ ಬಾಡಿಗೆಗೆ ಬಿಡುವ ಮುಂಚೆ ಒಂದು ರಾತ್ರಿ ಅಲ್ಲಿ ಮಲಗಿ. ಬ್ಯಾಗಿಗೆ ಬಟ್ಟೆ ತುಂಬಿಕೊಂಡು, ಕತ್ತಲಾದ ಮೇಲೆ ಹೊರಗಿನಿಂದ ಬನ್ನಿ. ಮನೆಯ ಬೇರೆ ಕೋಣೆಗೆ ಹೋಗಿ ಏನೂ ತರಬಾರದು.

ನಾನು ಹೀಗೆ ಮಲಗಿದ ರಾತ್ರಿ ಗೊತ್ತಾಗಿದ್ದು ಇಷ್ಟು. ಬ್ಯಾಗ್ ತೆರೆದಿಡಲು ನೆಲ ಬಿಟ್ಟು ಜಾಗವೇ ಇಲ್ಲ. ಚಾರ್ಜರ್ ಹಾಕುವ ಸಾಕೆಟ್ ಮಂಚದ ಹಿಂದೆ ಸಿಕ್ಕಿಕೊಂಡಿದೆ. ಮಲಗಿದ ಮೇಲೆ ದೀಪ ಆರಿಸಲು ಎದ್ದು ಬಾಗಿಲ ಹತ್ತಿರ ಹೋಗಬೇಕು, ವಾಪಸ್ ಬರುವಾಗ ಕಾಲ್ಬೆರಳು ಮಂಚಕ್ಕೆ ಬಡಿಯುತ್ತದೆ. ಬೆಳಗ್ಗೆ 5:30ಕ್ಕೆ ಗೋಡೆಯಾಚೆ ನೀರಿನ ಮೋಟಾರ್ ಶುರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ಆ ಮೋಟಾರ್ ಸದ್ದು ನನಗೆ ಕೇಳಿಸಿರಲೇ ಇಲ್ಲ!

ಅತಿಥಿ ಮುಖ್ಯವಾಗಿ ಬಯಸುವುದು ನಾಲ್ಕು: ಮನೆ ಸುಲಭವಾಗಿ ಸಿಗಬೇಕು, ಹಾಸಿಗೆ ಶುಭ್ರವಾಗಿರಬೇಕು, ಬಿಸಿನೀರು ಬರಬೇಕು, ನಿದ್ದೆ ಕೆಡಬಾರದು. ವೈಫೈ ಐದನೆಯದು. ಅದನ್ನು ಪರೀಕ್ಷಿಸುವಾಗ ರೂಟರ್ ಪಕ್ಕ ನಿಲ್ಲಬೇಡಿ. ಬಾಗಿಲು ಹಾಕಿ, ಮಂಚದ ಮೇಲೆ ಕೂತು ಯಾರಿಗಾದರೂ ವೀಡಿಯೊ ಕಾಲ್ ಮಾಡಿ. ಗೋಡೆಯ ಮೇಲಿನ ಅಲಂಕಾರ ಇವೆಲ್ಲ ಆದಮೇಲೆ.

## ಹಂತ 2: ಕೈಗೆ ಸಿಗುವಂತೆ ಇಡಬೇಕಾದ ಸಾಮಾನು

ಒಂದು ಮಂಚಕ್ಕೆ ಮೂರು ಜೊತೆ ಬೆಡ್‌ಶೀಟ್, ದಿಂಬಿನ ಕವರ್ ಮತ್ತು ಟವೆಲ್ ಬೇಕು. ಒಂದು ಜೊತೆ ಮಂಚದ ಮೇಲೆ, ಒಂದು ಒಗೆಯಲು, ಒಂದು ಕಪಾಟಿನಲ್ಲಿ. ಎರಡೇ ಜೊತೆ ಇಟ್ಟುಕೊಂಡವರು ಮಳೆ ಹಿಡಿದ ದಿನ ಸಿಕ್ಕಿಬೀಳುತ್ತಾರೆ. ಅರ್ಧ ಒಣಗಿದ ಶೀಟ್ ಹಾಸಿದರೆ ಮುಗ್ಗುಲು ವಾಸನೆ ಬರುತ್ತದೆ, ಅದನ್ನು ಯಾವ ಸುಗಂಧವೂ ಮುಚ್ಚುವುದಿಲ್ಲ. ಬಣ್ಣ ಬಿಳಿಯೇ ಇರಲಿ. ಕಲೆ ಕಾಣುತ್ತದಲ್ವಾ ಅಂತ ಕೇಳುತ್ತೀರಿ. ಕಾಣಬೇಕು ಅಂತಲೇ ಬಿಳಿ. ಅತಿಥಿಗಿಂತ ಮೊದಲು ನಿಮಗೆ ಕಾಣಲಿ.

ಹಾಸಿಗೆಗೆ ನೀರು ಇಳಿಯದ, ಜಿಪ್ ಇರುವ ಕವರ್ ಹಾಕಿ. ಒರೆಸುವ ಬಟ್ಟೆಗಳು ಮೂರು ಬಣ್ಣದಲ್ಲಿರಲಿ: ಕಮೋಡಿಗೆ ಒಂದು, ಸಿಂಕ್ ಮತ್ತು ಕನ್ನಡಿಗೆ ಒಂದು, ಕೋಣೆಗೆ ಒಂದು. ಬಣ್ಣ ಬೇರೆಯಿಲ್ಲದಿದ್ದರೆ ಗಡಿಬಿಡಿಯ ದಿನ ಕಮೋಡ್ ಒರೆಸಿದ ಬಟ್ಟೆಯೇ ಮೇಜಿಗೆ ಬರುತ್ತದೆ. ಇವುಗಳ ಜೊತೆ ಒಂದು ಟಾರ್ಚ್, ರಬ್ಬರ್ ಕೈಗವಸು, ಎರಡು ಬಲ್ಬ್ ಮತ್ತು ರಿಮೋಟಿಗೆ ಬ್ಯಾಟರಿ. ಎಲ್ಲವೂ ಒಂದೇ ಬುಟ್ಟಿಯಲ್ಲಿರಲಿ. ಒಂದೊಂದಕ್ಕೂ ಅಡುಗೆಮನೆಗೆ ಓಡಿದರೆ ಅರ್ಧ ಗಂಟೆ ಅಲ್ಲೇ ಹೋಗುತ್ತದೆ.

## ಹಂತ 3: ಮೂರು ಗಂಟೆಯನ್ನು ಕಾಯ್ದುಕೊಳ್ಳಿ

ಖಾಲಿ ಮಾಡುವ ಸಮಯ 11, ಒಳಗೆ ಬರುವ ಸಮಯ 2 ಅಂತ ಬುಕಿಂಗ್ ಮಾಡುವಾಗಲೇ ತಿಳಿಸಿ, ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. "12ಕ್ಕೇ ಬರಬಹುದಾ" ಅಂತ ಕೇಳಿದವರಿಗೆ ನಾಚಿಕೆಗೆ ಹೂಂ ಅನ್ನಬೇಡಿ. ಬದಲಿಗೆ "ಬ್ಯಾಗ್ ಇಟ್ಟು ಹೋಗಿ, 2ಕ್ಕೆ ಕೋಣೆ ಕೊಡ್ತೀನಿ" ಅನ್ನಿ. ಅದಕ್ಕೆ ಕೋಣೆಯ ಹೊರಗೆ ಬೀಗ ಹಾಕುವ ಒಂದು ಜಾಗ ಬೇಕು.

ಎರಡು ಬುಕಿಂಗ್ ತಾಣಗಳಲ್ಲಿ ಕೋಣೆ ಹಾಕಿದ್ದರೆ ಇನ್ನೊಂದು ಅಪಾಯ ಇದೆ. ಎರಡರ ಕ್ಯಾಲೆಂಡರ್ ಜೋಡಿಸಿದ್ದರೂ ಒಂದರ ಬುಕಿಂಗ್ ಇನ್ನೊಂದಕ್ಕೆ ತಕ್ಷಣ ತಲುಪುತ್ತದೆ ಅಂತ ನಂಬಬೇಡಿ, ಕೆಲವೊಮ್ಮೆ ಗಂಟೆಗಟ್ಟಲೆ ತಡವಾಗುತ್ತದೆ. ಆ ಸಂದಿಯಲ್ಲೇ ಅದೇ ದಿನಕ್ಕೆ ಎರಡನೇ ಬುಕಿಂಗ್ ಬಂದುಬಿಡುತ್ತದೆ. ಬುಕಿಂಗ್ ಸಂದೇಶ ಬಂದ ಕೂಡಲೇ ಇನ್ನೊಂದರಲ್ಲಿ ನೀವೇ ಕೈಯಾರೆ ಆ ದಿನ ಮುಚ್ಚಿ. ಇರುವುದೇ ಒಂದೆರಡು ಕೋಣೆಯಾದರೆ ಅದೇ ದಿನದ ಬುಕಿಂಗನ್ನು ಒಂದೇ ತಾಣದಲ್ಲಿ ತೆರೆದಿಡುವುದು ವಾಸಿ.

## ಹಂತ 4: 11ರಿಂದ 1:30, ಕೆಲಸದ ಕ್ರಮ

11:05. ಕಿಟಕಿ ತೆರೆಯಿರಿ. ಪೊರಕೆ ಹಿಡಿಯುವ ಮೊದಲು ಕೆಟ್ಟಿರುವುದನ್ನು ಹುಡುಕಿ. ಎಲ್ಲ ದೀಪ, ಫ್ಯಾನ್, ನಲ್ಲಿ, ಫ್ಲಶ್, ಬಾಗಿಲ ಚಿಲಕ ಒಮ್ಮೆ ನೋಡಿ. ಫ್ಲಶ್ ಕೆಟ್ಟಿದೆ ಅಂತ 11:10ಕ್ಕೆ ಗೊತ್ತಾದರೆ ಪ್ಲಂಬರ್ ಕರೆಯಬಹುದು. 1:45ಕ್ಕೆ ಗೊತ್ತಾದರೆ ಅತಿಥಿಯ ಮುಂದೆ ಕೈ ಹಿಸುಕಿಕೊಳ್ಳಬೇಕು, ಅಷ್ಟೆ.

11:15. ಫ್ಯಾನ್ ರೆಕ್ಕೆ ಒರೆಸಿ, ಆದರೆ ಹಳೆಯ ಬೆಡ್‌ಶೀಟ್ ಮಂಚದ ಮೇಲೆ ಇರುವಾಗಲೇ. ಉದುರುವ ದೂಳು ಹೇಗೂ ಒಗೆಯಲು ಹೋಗುವ ಬಟ್ಟೆಯ ಮೇಲೆ ಬೀಳುತ್ತದೆ. ಬಹಳ ಜನ ಮೊದಲು ಮಂಚ ಚೆಂದ ಮಾಡಿ ಆಮೇಲೆ ಮೇಲೆ ನೋಡುತ್ತಾರೆ.

11:20. ಈಗ ಶೀಟ್ ತೆಗೆಯಿರಿ. ಕೊಡವಬೇಡಿ. ನಾಲ್ಕೂ ಮೂಲೆ ಒಳಗೆ ಮಡಚಿಕೊಂಡು ನಿಧಾನವಾಗಿ ಸುತ್ತಿ, ಕೈಯಿಂದ ಒತ್ತಿ ನೋಡಿ. ನಾನು ಒಮ್ಮೆ ಫಟಾರ್ ಅಂತ ಕೊಡವಿ ಮೆಷಿನ್ನಿಗೆ ಹಾಕಿದ್ದೆ. ಸಂಜೆ ಅತಿಥಿ ಫೋನ್ ಮಾಡಿ ಒಂದು ಓಲೆ ಕಾಣ್ತಿಲ್ಲ ಅಂದರು. ಅದು ಸಿಕ್ಕಿದ್ದು ಎರಡು ದಿನ ಬಿಟ್ಟು, ಮೆಷಿನ್ನಿನ ಫಿಲ್ಟರಿನಲ್ಲಿ, ಕೊಂಡಿ ಬಗ್ಗಿ ಹೋಗಿ. ಯಾರೂ ಮುಟ್ಟಿಯೇ ಇಲ್ಲ ಅನ್ನಿಸುವ ಟವೆಲ್ಲನ್ನೂ ಒಗೆಯಲು ಹಾಕಿ. ಯಾವುದನ್ನು ಮುಟ್ಟಿದ್ದಾರೆ, ಯಾವುದನ್ನು ಇಲ್ಲ ಅಂತ ನಿಮಗೆ ಗೊತ್ತಿರುವುದಿಲ್ಲ.

11:30. ಬರಿ ಹಾಸಿಗೆ ಕಣ್ಣೆದುರಿಗಿರುವಾಗ ತಿಗಣೆ ಇದೆಯಾ ನೋಡಿ. ಇದನ್ನು ಮುಂದಿನ ಹಂತದಲ್ಲಿ ಬಿಡಿಸಿ ಹೇಳುತ್ತೇನೆ.

11:40. ಬಾತ್‌ರೂಮ್. ನೀರು ಮುಟ್ಟಿಸುವ ಮೊದಲು ಒಣ ನೆಲದಲ್ಲಿರುವ ಕೂದಲು ಗುಡಿಸಿ ತೆಗೆಯಿರಿ. ಒದ್ದೆಯಾದ ಕೂದಲು ಟೈಲಿಗೆ ಅಂಟಿಕೊಂಡು ಮಾಪಿನ ಜೊತೆ ಊರೆಲ್ಲ ಸುತ್ತುತ್ತದೆ. ಆಮೇಲೆ ಕಮೋಡ್ ಮತ್ತು ಗೋಡೆಗೆ ಕ್ಲೀನರ್ ಹಾಕಿ ಬಿಟ್ಟು ಬನ್ನಿ. ಹಾಕಿದ ಕೂಡಲೇ ಉಜ್ಜಿದರೆ ಕೈ ನೋವು ಮಾತ್ರ ಲಾಭ. ಸುಮಾರು 10 ನಿಮಿಷ ಅದೇ ಕೆಲಸ ಮಾಡಲಿ, ಬಾಟಲಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅಷ್ಟು. ಆ ಹೊತ್ತಿನಲ್ಲಿ ನೀವು ಕೋಣೆಯ ಕಸ ತೆಗೆದು, ಮೇಲಿನಿಂದ ಕೆಳಕ್ಕೆ ದೂಳು ಒರೆಸಿ. ಸ್ವಿಚ್, ಬಾಗಿಲ ಹಿಡಿ, ರಿಮೋಟ್ ಮರೆಯಬೇಡಿ.

12:00. ಬಾತ್‌ರೂಮ್ ಉಜ್ಜಿ, ತೊಳೆದು, ನಲ್ಲಿ ಮತ್ತು ಕನ್ನಡಿಯನ್ನು ಒಣಬಟ್ಟೆಯಿಂದ ಒರೆಸಿ. ನಲ್ಲಿಯ ಮೇಲೆ ನೀರಿನ ಹನಿ ಒಣಗಿ ಬಿಳಿ ಚುಕ್ಕೆಯಾದರೆ, ಎಷ್ಟು ತೊಳೆದರೂ ಕೊಳಕಾಗಿಯೇ ಕಾಣುತ್ತದೆ.

12:30. ಕೈ ಸೋಪು ಹಾಕಿ ತೊಳೆದು, ಮಂಚ ಹಾಸಿ. ಬಾತ್‌ರೂಮ್ ಆದಮೇಲೆ ಮಂಚ ಅನ್ನುವುದಕ್ಕೆ ಹಲವರು ನನ್ನ ಜೊತೆ ವಾದ ಮಾಡುತ್ತಾರೆ, ಕೊಳಕು ಕೆಲಸ ಕೊನೆಗಲ್ವಾ ಅಂತ. ಮೊದಲೇ ಹಾಸಿದ ಶೀಟಿನ ಪಕ್ಕದಲ್ಲೇ ಬಕೆಟ್ ಹಿಡಿದು ಓಡಾಡಿ, ಒಂದು ಹನಿ ಸಿಡಿಸಿಕೊಂಡವರಿಗೆ ಮಾತ್ರ ಇದು ಅರ್ಥವಾಗುತ್ತದೆ.

12:50. ನೆಲ. ದೂರದ ಮೂಲೆಯಿಂದ ಶುರುಮಾಡಿ ಬಾಗಿಲಿಗೆ ಬನ್ನಿ. ಮಂಚದ ಕೆಳಗೂ ಟಾರ್ಚ್ ಬಿಡಿ. ಅತಿಥಿಯ ಚಪ್ಪಲಿ ಹೋಗುವುದು ಅಲ್ಲಿಗೇ.

1:15. ಹೊರಗೆ ಹೋಗಿ 10 ನಿಮಿಷ ಗಾಳಿಯಲ್ಲಿ ನಿಂತು ವಾಪಸ್ ಬನ್ನಿ. ಒಳಗೇ ಕೆಲಸ ಮಾಡಿದ ಮೂಗಿಗೆ ಕೋಣೆಯ ವಾಸನೆ ತಿಳಿಯುವುದಿಲ್ಲ. ಬಾಗಿಲು ತೆಗೆದ ಮೊದಲ ಉಸಿರಲ್ಲಿ ಏನು ಸಿಗುತ್ತದೋ ಅದೇ ಅತಿಥಿಗೂ ಸಿಗುವುದು. ಆಮೇಲೆ ಮಂಚದ ತುದಿಯಲ್ಲಿ ಕೂತು ನೋಡಿ, ಕಮೋಡಿನ ಮೇಲೆ ಕೂತೂ ನೋಡಿ. ನಿಂತಾಗ ಕಾಣದ ಬಾಗಿಲ ಹಿಂಬದಿ, ಸಿಂಕಿನ ತಳ, ಪೈಪಿನ ಜೇಡರಬಲೆ ಆಗ ಎದುರಿಗೇ ಇರುತ್ತವೆ.

## ಹಂತ 5: ತಿಗಣೆ ಇದೆಯಾ? ಎರಡು ನಿಮಿಷದ ಪರೀಕ್ಷೆ

ತಿಗಣೆ ಬಂದರೆ ಅದು ಮನೆಯ ಕೊಳಕಿನ ಗುರುತಲ್ಲ. ಪ್ರಯಾಣಿಕರ ಬ್ಯಾಗಿನಲ್ಲಿ ಕೂತು ಬರುತ್ತದೆ. ಎಷ್ಟು ಶುಭ್ರವಾದ ಮನೆಗೂ ಬರಬಹುದು. ತಡವಾಗಿ ಕಂಡುಹಿಡಿಯುವುದೇ ತಪ್ಪು.

ಟಾರ್ಚ್ ಹಿಡಿದು ಹಾಸಿಗೆಯ ನಾಲ್ಕೂ ಅಂಚಿನ ಹೊಲಿಗೆ, ಜಿಪ್ಪಿನ ಸಂದು, ಮಂಚದ ತಲೆಹಲಗೆಯ ಹಿಂಭಾಗ ನೋಡಿ. ಪೆನ್ನಿನ ಶಾಯಿ ಚುಕ್ಕೆಯಂಥ ಕಪ್ಪು ಕಲೆ ಇದ್ದರೆ ಅನುಮಾನ ಪಡಿ. ಒದ್ದೆ ಬಟ್ಟೆಯಲ್ಲಿ ಉಜ್ಜಿದಾಗ ಅದು ಕಂದು ಬಣ್ಣಕ್ಕೆ ಹರಡಿದರೆ ಅನುಮಾನ ಇನ್ನೂ ಗಟ್ಟಿ. ತೆಳುವಾದ, ಹಳದಿ ಸಿಪ್ಪೆಯಂಥ ಕಳಚಿದ ಚರ್ಮವೂ ಸಿಗಬಹುದು. ಬೆಳೆದ ತಿಗಣೆ ಚಪ್ಪಟೆಯಾಗಿ, ಕಂದಾಗಿ, ಸುಮಾರು 5 ಮಿಲಿಮೀಟರ್ ಇರುತ್ತದೆ. ಕಣ್ಣಿಗೆ ಕಾಣುತ್ತದೆ.

ಕಂಡರೆ ಆ ದಿನದ ಬುಕಿಂಗ್ ರದ್ದು ಮಾಡಿ. ನಷ್ಟ ಅನ್ನಿಸುತ್ತದೆ, ಆದರೆ ಅತಿಥಿ ಅದನ್ನು ತನ್ನ ಮನೆಗೆ ಹೊತ್ತೊಯ್ದರೆ ಆಗುವ ಜಗಳ ಇನ್ನೂ ದೊಡ್ಡದು. ಬಟ್ಟೆಗಳನ್ನು ಆ ಕೋಣೆಯಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ನೇರ ಮೆಷಿನ್ನಿಗೆ ಒಯ್ದು 60 ಡಿಗ್ರಿಯಲ್ಲಿ ಒಗೆಯಿರಿ. ಹಾಸಿಗೆಯನ್ನು ಪಕ್ಕದ ಕೋಣೆಗೆ ಮಾತ್ರ ಸಾಗಿಸಬೇಡಿ. ಅಂಗಡಿಯ ಸ್ಪ್ರೇ ಹೊಡೆದು ಸುಮ್ಮನಾಗುವುದೂ ಬೇಡ. ಅವು ಗೋಡೆ ಸಂದಿಗೆ ಸರಿದುಕೊಳ್ಳುತ್ತವೆ, ತಿಂಗಳುಗಟ್ಟಲೆ ಉಪವಾಸವಿದ್ದೂ ಬದುಕುತ್ತವೆ. ಕೀಟ ನಿಯಂತ್ರಣದವರನ್ನೇ ಕರೆಸಿ, ಮೊಟ್ಟೆ ಒಡೆದ ಮೇಲೆ ಎರಡನೇ ಸಲ ಬರುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ.

## ಹಂತ 6: ಬಾತ್‌ರೂಮಿನ ವಾಸನೆ ಮತ್ತು ಎರಡು ಅಪಾಯ

"ತೊಳೆದರೂ ವಾಸನೆ ಬರುತ್ತೆ" ಅನ್ನುವ ಕಡೆ ನಾನು ಮೊದಲು ಕೇಳುವುದು, ಕೋಣೆ ಎಷ್ಟು ದಿನ ಖಾಲಿ ಇತ್ತು ಅಂತ. ನೆಲದ ಜಾಲರಿಯ ಕೆಳಗೆ ಪೈಪ್ ಬಾಗಿರುತ್ತದೆ. ಆ ಬಾಗಿನಲ್ಲಿ ನಿಂತ ನೀರೇ ಚರಂಡಿಯ ಗಾಳಿಯನ್ನು ತಡೆಯುವುದು. ವಾರಗಟ್ಟಲೆ ಯಾರೂ ನೀರು ಬಿಡದಿದ್ದರೆ ಅದು ಆರಿಹೋಗುತ್ತದೆ, ಗಾಳಿ ನೇರ ಮೇಲೆ ಬರುತ್ತದೆ. ಪ್ರತಿ ಜಾಲರಿಗೂ ಎರಡು ಮಗ್ ನೀರು ಹಾಕಿ ಕಿಟಕಿ ತೆರೆದಿಡಿ. ಅರ್ಧ ಗಂಟೆಯಲ್ಲಿ ವಾಸನೆ ಇಳಿದರೆ ಕಾರಣ ಇದೇ. ಇಳಿಯದಿದ್ದರೆ ಜಾಲರಿ ಎತ್ತಿ ಕೂದಲಿನ ಉಂಡೆ ತೆಗೆಯಿರಿ. ಆಗಲೂ ಹೋಗದಿದ್ದರೆ ಆ ಪೈಪಿಗೆ ಬಾಗೇ ಇಲ್ಲದಿರಬಹುದು, ಪ್ಲಂಬರಿಗೆ ತೋರಿಸಿ. ಖಾಲಿ ಇದ್ದ ಕೋಣೆಯಲ್ಲಿ ನಲ್ಲಿ ಮತ್ತು ಶವರನ್ನೂ ಕೆಲವು ನಿಮಿಷ ಬಿಟ್ಟು, ನಿಂತ ನೀರು ಹೋಗಲು ಬಿಡಿ.

ಮೊದಲ ಅಪಾಯ, ವಾಸನೆಗೆ ಹೆದರಿ ಎರಡು ಬಾಟಲಿ ಬೆರೆಸುವುದು. ಆಮ್ಲ ಇರುವ ಟಾಯ್ಲೆಟ್ ಕ್ಲೀನರಿಗೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಣ್ಣು, ಗಂಟಲು ಉರಿದು ಕೆಮ್ಮು ಬಂದರೆ ತೊಳೆಯುತ್ತಾ ನಿಲ್ಲಬೇಡಿ, ಹೊರಗೆ ಬನ್ನಿ.

ಎರಡನೆಯದು ಇನ್ನೂ ಕೆಟ್ಟದ್ದು: ಬಾತ್‌ರೂಮಿನ ಒಳಗೇ ಹಾಕಿದ ಗ್ಯಾಸ್ ಗೀಸರ್. ಗಾಳಿ ಸಾಲದೆ ಉರಿದಾಗ ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ತಲೆಸುತ್ತು ಬರುವಷ್ಟರಲ್ಲಿ ಬಾಗಿಲು ತೆಗೆಯುವ ಶಕ್ತಿಯೇ ಹೋಗಿರಬಹುದು. ನೀಲಿ ಬದಲು ಹಳದಿ ಜ್ವಾಲೆ, ಸುತ್ತ ಮಸಿ ಕಂಡರೆ ಅವತ್ತೇ ನಿಲ್ಲಿಸಿ. ಗೀಸರ್ ಹೊರಗಿನ ಗಾಳಿಗೆ ಹಾಕಿಸುವವರೆಗೆ ಆ ಕೋಣೆ ಬಾಡಿಗೆಗೆ ಬೇಡ. ಇದರಲ್ಲಿ ನಾನು ಯಾರ ಜೊತೆಯೂ ರಾಜಿ ಮಾಡಿಕೊಳ್ಳುವುದಿಲ್ಲ.

## ಹಂತ 7: ಬಿಸಿನೀರಿನ ಲೆಕ್ಕ

"ಗೀಸರ್ ಇದೆ" ಅಂದರೆ "ಬಿಸಿನೀರು ಇದೆ" ಅಂತ ಅರ್ಥ ಅಲ್ಲ. ಕೂತು ಲೆಕ್ಕ ಹಾಕಿ.

ನಿಮ್ಮದು 25 ಲೀಟರಿನ, 2000 ವ್ಯಾಟಿನ ಕರೆಂಟ್ ಗೀಸರ್ ಅಂತಿಟ್ಟುಕೊಳ್ಳಿ. ನಲ್ಲಿಯ ನೀರು 20 ಡಿಗ್ರಿ, ಗೀಸರಿನಲ್ಲಿ ಕಾಯುವುದು 60 ಡಿಗ್ರಿ. ಸ್ನಾನಕ್ಕೆ ಬೇಕಾದ್ದು ಸುಮಾರು 40. ಹಾಗಾಗಿ ಒಂದು ಪಾಲು ಬಿಸಿಗೆ ಒಂದು ಪಾಲು ತಣ್ಣೀರು ಬೆರೆಯುತ್ತದೆ. ಲೆಕ್ಕಕ್ಕೆ 50 ಲೀಟರ್ ಸ್ನಾನದ ನೀರು. ಆದರೆ ಬಿಸಿ ಹೊರಹೋದಂತೆ ತಣ್ಣೀರು ಒಳಗೆ ಬರುವುದರಿಂದ ಕೈಗೆ ಸಿಗುವುದು 40ರ ಆಸುಪಾಸು. ನಿಮಿಷಕ್ಕೆ 8 ಲೀಟರ್ ಬಿಡುವ ಶವರಿನಲ್ಲಿ ಅದು 5 ನಿಮಿಷ. ಮತ್ತೆ ಕಾಯಲು ಸುಮಾರು 35 ನಿಮಿಷ.

ಈಗ ಇಬ್ಬರು ಬೆಳಗ್ಗೆ 7ಕ್ಕೆ ಎದ್ದು 8ಕ್ಕೆ ಹೊರಡಬೇಕು. ಮೊದಲನೆಯವರು 7:10ಕ್ಕೆ ಮುಗಿಸುತ್ತಾರೆ, ಎರಡನೆಯವರು ತಕ್ಷಣ ಒಳಗೆ ಹೋಗಿ ನಡುಗುತ್ತಾರೆ. ಗೀಸರ್ ಕೆಟ್ಟಿಲ್ಲ, ಚಿಕ್ಕದು ಅಷ್ಟೆ. ದೊಡ್ಡ ಗೀಸರ್ ಹಾಕಿಸುವವರೆಗೆ ನಿಮಿಷಕ್ಕೆ 6 ಲೀಟರಿನ ಶವರ್ ತಲೆ ಹಾಕಿ, ಮತ್ತು ಗೋಡೆಯಲ್ಲಿ ನೇರವಾಗಿ ಬರೆದಿಡಿ: "ಒಬ್ಬರ ಸ್ನಾನ ಆದಮೇಲೆ 35 ನಿಮಿಷ ಬಿಡಿ." ಮೊದಲೇ ಗೊತ್ತಿದ್ದರೆ ಜನ ಹೊಂದಿಕೊಳ್ಳುತ್ತಾರೆ.

ಇನ್ನೊಂದು ಸಾಲು ಸೇರಿಸಿ. ಬಿಸಿನೀರಿನ ಟ್ಯಾಂಕ್ ಚಾವಣಿಯ ಮೇಲಿದ್ದರೆ ಪೈಪಿನಲ್ಲಿ ನಿಂತ ತಣ್ಣೀರು ಮೊದಲು ಬರುತ್ತದೆ. ಗಡಿಯಾರ ಹಿಡಿದು ಅಳೆಯಿರಿ. ನಮ್ಮಲ್ಲಿ 40 ಸೆಕೆಂಡು. "ಎಡಗಡೆಯದು ಬಿಸಿ, 40 ಸೆಕೆಂಡು ಬಿಡಿ" ಅಂತ ಬರೆದ ಮೇಲೆ ರಾತ್ರಿಯ ಫೋನ್‌ಗಳು ನಿಂತವು.

## ಹಂತ 8: ಮನೆ ಸಿಗುವಂತೆ ಮಾಡಿ

ಹಿಂದಿನ ಸಂಜೆ ಒಂದೇ ಸಂದೇಶ ಕಳಿಸಿ: ಮ್ಯಾಪಿನ ಗುರುತು, ಗೇಟಿನ ಫೋಟೊ, ಗಾಡಿ ಎಲ್ಲಿ ನಿಲ್ಲಿಸಬೇಕು, ಕೀ ಯಾರು ಕೊಡುತ್ತಾರೆ. ಮ್ಯಾಪಿನ ಗುರುತು ಹಿಂದಿನ ಬೀದಿಗೆ ಬಿದ್ದಿರುವುದು ತುಂಬಾ ಸಾಮಾನ್ಯ. ಮನೆ ನೋಡದ ಗೆಳೆಯರೊಬ್ಬರಿಗೆ ಆ ಸಂದೇಶ ಕೊಟ್ಟು, ಫೋನ್ ಮಾಡದೆ ಬರಲು ಹೇಳಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಒಂದು ಸಾಲು ಸೇರಿಸಿ. ಬಂದವರ ಕೈಗೇ ಕೀ ಕೊಟ್ಟು ಬಾಗಿಲು ತೆಗೆಸಿ. "ಸ್ವಲ್ಪ ಎತ್ತಿ ತಿರುಗಿಸಬೇಕು" ಅಂತ ನೀವು ಹೇಳಬೇಕಾಗಿ ಬಂದರೆ ಬೀಗ ಬದಲಾಯಿಸಿ.

ಅತಿಥಿ ಬಂದಾಗ ಐದು ನಿಮಿಷಕ್ಕಿಂತ ಜಾಸ್ತಿ ನಿಲ್ಲಬೇಡಿ. ನಿಯಮದಂತೆ ದಾಖಲಿಸಬೇಕಾದ ಗುರುತಿನ ಚೀಟಿ ನೋಡಿ, ಬಿಸಿನೀರು ಮತ್ತು ವೈಫೈ ತೋರಿಸಿ, ಹೊರಟುಬಿಡಿ. ಊರಿನ ಕಥೆಯೆಲ್ಲ ಅವರು ಕೇಳಿದಾಗ ಹೇಳಿದರಾಯಿತು. ದಾರಿಯಲ್ಲಿ ಸುಸ್ತಾದವರಿಗೆ ಬೇಕಿರುವುದು ಬಾಗಿಲು ಹಾಕಿಕೊಳ್ಳುವುದು.

## ಹಂತ 9: ದೂರು ಬಂದಾಗ, ಬರದಿದ್ದಾಗ

ರಾತ್ರಿ 10ಕ್ಕೆ "ಫ್ಯಾನ್ ಸದ್ದು ಮಾಡ್ತಿದೆ" ಅಂತ ಫೋನ್ ಬಂದರೆ, "ನಿನ್ನೆವರೆಗೆ ಸರಿ ಇತ್ತಲ್ಲ" ಅನ್ನಬೇಡಿ. ನಿಜವಾದರೂ ಅದು ಅತಿಥಿಯ ಕಿವಿಗೆ ನೀವು ಸುಳ್ಳು ಹೇಳ್ತಿದ್ದೀರಿ ಅಂತಲೇ ಕೇಳಿಸುತ್ತದೆ. "ಈಗ ಟೇಬಲ್ ಫ್ಯಾನ್ ತರ್ತೀನಿ, ನಾಳೆ ನೀವು ಹೊರಗೆ ಹೋದಾಗ ಅದನ್ನ ಸರಿಮಾಡಿಸ್ತೀನಿ, ಆಗಬಹುದಾ?" ಅನ್ನಿ. ಇವತ್ತು ರಾತ್ರಿಗೆ ಏನು, ನಾಳೆಗೆ ಏನು, ಎರಡೂ ಆ ಮಾತಿನಲ್ಲಿರಬೇಕು. ನಾಳೆಗೂ ಆಗದ ಕೆಲಸವಾದರೆ ಅದನ್ನೂ ಆಗಲೇ ಹೇಳಿ, ಆ ರಾತ್ರಿಯ ಬಾಡಿಗೆಯಲ್ಲಿ ಎಷ್ಟು ಬಿಡುತ್ತೀರಿ ಅಂತ ನೀವೇ ಮೊದಲು ಹೇಳಿ.

ಕಷ್ಟ ಇರುವುದು ದೂರು ಹೇಳದವರದ್ದು. ಮೊದಲ ಬೆಳಗ್ಗೆ "ಎಲ್ಲಾ ಚೆನ್ನಾಗಿದೆಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಅದರ ಬದಲು "ಇಬ್ಬರಿಗೂ ನೀರು ಬಿಸಿ ಬಂತಾ? ದಿಂಬು ಎತ್ತರ ಆಯ್ತಾ?" ಅಂತ ಕೇಳಿ. ಬಂದ ಉತ್ತರವನ್ನು ತಾರೀಕು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ. ಹಾಗೆ ಕೇಳಲು ಶುರುಮಾಡಿದ ತಿಂಗಳು ನನ್ನ ಪುಸ್ತಕದಲ್ಲಿ "ದಿಂಬು ಎತ್ತರ" ಅಂತ ನಾಲ್ಕು ಸಲ ಬಂತು. ಈಗ ಪ್ರತಿ ಮಂಚದ ಮೇಲೂ ಒಂದು ದಪ್ಪ, ಒಂದು ತೆಳ್ಳಗಿನ ದಿಂಬು ಇಡುತ್ತೇನೆ. 11:20ಕ್ಕೆ ಶೀಟ್ ತೆಗೆಯುವಾಗ ಸಾಮಾನ್ಯವಾಗಿ ದಪ್ಪದ್ದು ಕುರ್ಚಿಯ ಮೇಲಿರುತ್ತದೆ.